ಡಬ್ಬದ ಮೇಲೆ ಅರ್ಧ, ಮೀಟರಿನಲ್ಲಿ ಶೇ. 5: ಒಂದು ಮನೆಯ ನೀರಿನ ಲೆಕ್ಕ

ನಾಲ್ಕು ಜನರ ಮನೆ, ಎರಡು ಬಾತ್‌ರೂಮ್, ಒಂದು ಅಡುಗೆಮನೆ. ಎರಡೂ ಕಮೋಡಿಗೆ ದೊಡ್ಡದು, ಚಿಕ್ಕದು ಅಂತ ಎರಡು ಗುಂಡಿಯ ಡ್ಯುಯಲ್ ಫ್ಲಶ್ ಹಾಕಿಸಿದರು. ಎಲ್ಲ ನಲ್ಲಿಗಳ ತುದಿಗೂ ಹರಿವು ಕಡಿಮೆ ಮಾಡುವ ಏರೇಟರ್ ಬಂತು. ಎರಡೂ ಶವರ್ ಹೆಡ್ ಬದಲಾದವು. ಮುಂಚೆ ದಿನಕ್ಕೆ ಸುಮಾರು 600 ಲೀಟರ್ ಖರ್ಚಾಗುತ್ತಿತ್ತು. ಇವುಗಳ ಡಬ್ಬಗಳ ಮೇಲಿನ ಮಾತು ನಂಬಿದರೆ ಅದು 340ರ ಹತ್ತಿರ ಬರಬೇಕಿತ್ತು. ಒಂದು ತಿಂಗಳಾದ ಮೇಲೆ ಮೀಟರ್ ನೋಡಿದರೆ ದಿನಕ್ಕೆ 570.

ಮನೆಯಾಕೆ ನನ್ನನ್ನು ಕರೆದದ್ದು ಆಗ. ಮನೆಗಳ ನೀರಿನ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. "ಅಲ್ರೀ, ಒಂದರ ಮೇಲೆ ಶೇ. 50 ಅಂತಿದೆ, ಇನ್ನೊಂದರ ಮೇಲೆ ಶೇ. 60 ಅಂತಿದೆ. ನಮ್ಮನೇಲಿ ಶೇ. 5 ಕೂಡ ಸರಿಯಾಗಿ ಬಂದಿಲ್ಲ. ಇವೆಲ್ಲ ಸುಳ್ಳಾ?" ಅಂತ ಕೇಳಿದರು.

ಸುಳ್ಳಲ್ಲ. ಆದರೆ ಡಬ್ಬದ ಮೇಲಿನ ಶೇಕಡಾ ಒಂದು ಪರೀಕ್ಷೆಯ ಮೇಜಿನ ಮೇಲೆ ಬಂದ ಸಂಖ್ಯೆ, ಮನೆಯೊಳಗಿನದಲ್ಲ. ಈ ಮನೆಯಲ್ಲಿ ಆ ಎರಡರ ನಡುವಿನ ಲೀಟರುಗಳು ಎಲ್ಲಿ ಹೋದವು ಅಂತ ಒಂದೊಂದಾಗಿ ಹುಡುಕಿದೆವು. ಬಹುಪಾಲು ಸಿಕ್ಕಿತು.

## ಮೊದಲಿನ 600 ಲೀಟರ್ ಎಲ್ಲಿ ಹೋಗುತ್ತಿತ್ತು

ಈ ಮನೆಯವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಏನನ್ನೂ ಬದಲಾಯಿಸುವ ಮುಂಚೆ ಕೆಲವು ವಾರ ಮೀಟರ್ ಓದಿ ಬರೆದಿಟ್ಟಿದ್ದರು. ಅದೂ ಬೆಳಿಗ್ಗೆ ಒಂದೇ ಹೊತ್ತಿಗೆ, ಓವರ್‌ಹೆಡ್ ಟ್ಯಾಂಕ್ ತುಂಬಿದ ಮೇಲೆ. ಟ್ಯಾಂಕ್ ಇರುವ ಮನೆಯಲ್ಲಿ ಈ ಎಚ್ಚರ ಬೇಕೇ ಬೇಕು. ಇವತ್ತು ಅರ್ಧ ಖಾಲಿ ಟ್ಯಾಂಕಿನಲ್ಲಿ ಓದಿ ನಾಳೆ ತುಂಬಿದ ಟ್ಯಾಂಕಿನಲ್ಲಿ ಓದಿದರೆ ನೂರಾರು ಲೀಟರ್ ಸುಮ್ನೆ ಹೆಚ್ಚುಕಡಿಮೆ ಕಾಣಿಸುತ್ತದೆ, ಆಮೇಲೆ ಅದರ ಮೇಲೆ ಯಾವ ಲೆಕ್ಕ ಕಟ್ಟಿದರೂ ನಿಲ್ಲುವುದಿಲ್ಲ.

ಪ್ರತಿ ಜಾಗದ ಖರ್ಚನ್ನು ಬೇರೆ ಬೇರೆ ತೆಗೆಯಲು ಒಂದು ಅಳತೆಯ ಬಕೆಟ್, ಒಂದು ಗಡಿಯಾರ ಸಾಕು. ನಲ್ಲಿಯನ್ನು ಪೂರ್ತಿ ತಿರುಗಿಸಿ ಅಳೆಯಬಾರದು. ಮನೆಯವರು ದಿನಾ ಎಷ್ಟು ತೆರೆಯುತ್ತಾರೋ ಅಷ್ಟೇ ತೆರೆದು ಒಂದು ನಿಮಿಷ ಹಿಡಿಯಬೇಕು. ನಲ್ಲಿಗಳ ಏರೇಟರ್ ಬಿಚ್ಚಿ, ಇನ್ನೂ ಮನೆಯಲ್ಲೇ ಇದ್ದ ಹಳೆಯ ಶವರ್ ಹೆಡ್ ಸಿಕ್ಕಿಸಿ ಅಳೆದೆವು.

ಹಳೆಯ ಫ್ಲಶ್ ಟ್ಯಾಂಕುಗಳು ಒಂದು ಸಲಕ್ಕೆ 9 ಲೀಟರ್ ಬಿಡುತ್ತಿದ್ದವು. ದಿನಕ್ಕೆ ಸುಮಾರು 18 ಸಲ, ಅಂದರೆ 162 ಲೀಟರ್. ಶವರ್ ಇನ್ನೂ ಜಾಸ್ತಿ. ಕೆಳಗಿನ ಬಾತ್‌ರೂಮಿನಲ್ಲಿ ನಿಮಿಷಕ್ಕೆ 10 ಲೀಟರ್, ಇಬ್ಬರು ತಲಾ 7 ನಿಮಿಷ, ಅಲ್ಲಿಗೆ 140. ಮೇಲಿನದರಲ್ಲಿ ನಿಮಿಷಕ್ಕೆ 5 ಲೀಟರ್ ಮಾತ್ರ, ಇಬ್ಬರು ತಲಾ 8 ನಿಮಿಷ, ಅಲ್ಲಿಗೆ 80. ಅಡುಗೆಮನೆಯ ಸಿಂಕ್ 75, ಎರಡು ವಾಶ್ ಬೇಸಿನ್ ಸೇರಿ 35, ಬಟ್ಟೆ ಒಗೆಯುವ ಮೆಷಿನ್ ಸರಾಸರಿ 50, ನೆಲ ಒರೆಸುವುದು, ಗಿಡ ಇತ್ಯಾದಿ 40. ಕೂಡಿಸಿದರೆ 582. ಮೀಟರಿನ 600ಕ್ಕೆ ಇದು ಸಾಕಷ್ಟು ಹತ್ತಿರ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೆಷಿನ್, ನೆಲ, ಗಿಡದ 90 ಲೀಟರನ್ನು ಯಾವ ಏರೇಟರೂ ಮುಟ್ಟುವುದಿಲ್ಲ. ಉಳಿಯುವುದು 492. ಡಬ್ಬದ ಲೆಕ್ಕದಲ್ಲಿ ಫ್ಲಶ್ 162ರಿಂದ 66ಕ್ಕೆ, ಶವರ್ 220ರಿಂದ 110ಕ್ಕೆ, ನಲ್ಲಿಗಳು 110ರಿಂದ 55ಕ್ಕೆ ಇಳಿಯಬೇಕು. ಒಟ್ಟು ಸುಮಾರು 260 ಲೀಟರ್ ಉಳಿತಾಯ. ಮನೆಯವರು ಆಸೆಪಟ್ಟದ್ದು ಅದಕ್ಕೆ.

## ಕಾಣದ ಸೋರಿಕೆ

ಬದಲಾಯಿಸಿದ ಮೇಲೆ ಏನೂ ಉಳಿಯುತ್ತಿಲ್ಲ ಅಂದರೆ ನಾನು ಮೊದಲು ಅನುಮಾನ ಪಡುವುದು ಹೊಸ ಫ್ಲಶ್ ಟ್ಯಾಂಕಿನ ಮೇಲೆ. ಅದಕ್ಕೆ ಕಾರಣ ಅದರ ಕಟ್ಟೋಣದಲ್ಲೇ ಇದೆ. ಡ್ಯುಯಲ್ ಫ್ಲಶ್ ಟ್ಯಾಂಕಿನ ತಳದಲ್ಲಿ ಒಂದು ತೂತು, ಅದರ ಮೇಲೆ ಒಂದು ರಬ್ಬರ್ ಅಥವಾ ಸಿಲಿಕಾನ್ ವಾಷರ್ ಕೂತಿರುತ್ತದೆ. ಗುಂಡಿ ಒತ್ತಿದರೆ ವಾಷರ್ ಏಳುತ್ತದೆ, ನೀರು ಹೋದ ಮೇಲೆ ಮತ್ತೆ ಕೂರುತ್ತದೆ. ಆ ವಾಷರಿನ ಕೆಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸಾಕು, ದಿನದ 24 ಗಂಟೆಯೂ ನೀರು ಕಮೋಡಿಗೆ ಜಾರುತ್ತಲೇ ಇರುತ್ತದೆ. ನೆಲ ಒದ್ದೆಯಾಗುವುದಿಲ್ಲ, ಸದ್ದೂ ಬರುವುದಿಲ್ಲ.

ಸೈಫನ್ ಮಾದರಿಯ ಹಳೆಯ ಟ್ಯಾಂಕುಗಳಲ್ಲಿ ಈ ತೊಂದರೆ ಇರಲಿಲ್ಲ. ಅಲ್ಲಿ ನೀರು ಒಂದು ಬಾಗಿದ ಕೊಳವೆಯನ್ನು ಏರಿ ಇಳಿಯಬೇಕು, ಯಾರಾದರೂ ಹಿಡಿ ಎಳೆದು ಎತ್ತದೆ ತಾನಾಗಿ ಏರುವುದಿಲ್ಲ. ಬ್ರಿಟನ್ನಿನಲ್ಲಿ 2001ರವರೆಗೆ ಮನೆಗಳಿಗೆ ಆ ಮಾದರಿಯೇ ಕಡ್ಡಾಯವಾಗಿತ್ತು. ಡ್ಯುಯಲ್ ಫ್ಲಶ್ ಬಂದಾಗ ಪ್ರತಿ ಫ್ಲಶ್ಶಿನಲ್ಲಿ ನೀರು ಉಳಿಯಿತು, ಜೊತೆಗೆ ಸೋರುವ ಒಂದು ಹೊಸ ದಾರಿಯೂ ತೆರೆಯಿತು. ಡಬ್ಬದ ಮೇಲೆ ಈ ಎರಡನೆಯ ಮಾತನ್ನು ಯಾರೂ ಬರೆಯುವುದಿಲ್ಲ.

ಮನೆಯವರು ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿದ್ದರಂತೆ, ಮುಳ್ಳು ಅಲುಗಿರಲಿಲ್ಲ. ಹಾಗಾಗಿ ಸೋರಿಕೆ ಇಲ್ಲ ಅಂತ ತೀರ್ಮಾನಿಸಿದ್ದರು. ಆದರೆ ಈ ಮನೆಯಲ್ಲಿ ಕೆಳಗಿನ ನಲ್ಲಿಗಳಿಗೆ ಮಾತ್ರ ಬೀದಿಯ ಪೈಪಿನ ನೀರು ನೇರವಾಗಿ ಬರುತ್ತದೆ. ಮೇಲಿನ ಬಾತ್‌ರೂಮಿಗೆ ಓವರ್‌ಹೆಡ್ ಟ್ಯಾಂಕಿನಿಂದ ಬರುತ್ತದೆ. ಮೇಲಿನ ಕಮೋಡ್ ಸೋರಿದರೆ ಖಾಲಿಯಾಗುವುದು ಟ್ಯಾಂಕ್. ಟ್ಯಾಂಕಿನ ಫ್ಲೋಟ್ ಬಾಲ್ ಒಂದಿಷ್ಟು ಇಳಿದು ವಾಲ್ವ್ ತೆರೆಯುವವರೆಗೆ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಟ್ಯಾಂಕಿನ ಆಚೆಗಿನ ಸೋರಿಕೆಯನ್ನು ಮೀಟರ್ ನೋಡಿ ಹಿಡಿಯಲು ಹೋಗಬೇಡಿ.

ಎರಡೂ ಫ್ಲಶ್ ಟ್ಯಾಂಕಿಗೆ ಒಂದೆರಡು ಚಮಚ ಬಣ್ಣದ ನೀರು ಹಾಕಿ ಯಾರೂ ಫ್ಲಶ್ ಮಾಡಬೇಡಿ ಅಂತ ಹೇಳಿ ಅರ್ಧ ಗಂಟೆ ಬಿಟ್ಟೆವು. ಕೆಳಗಿನದು ತಿಳಿಯಾಗಿಯೇ ಇತ್ತು. ಮೇಲಿನ ಕಮೋಡಿನೊಳಗೆ ಬಣ್ಣ ಇಳಿದಿತ್ತು. ಬಣ್ಣ ಇಲ್ಲದಿದ್ದರೆ ಕಮೋಡಿನ ಹಿಂಭಾಗದ ಗೋಡೆಯನ್ನು ಒರೆಸಿ ಒಣ ಟಿಶ್ಯೂ ಕಾಗದ ಅಂಟಿಸಿ ನೋಡಬಹುದು, ನೀರಿನ ತೆಳು ಪದರ ಜಾರುತ್ತಿದ್ದರೆ ಕಾಗದ ಒದ್ದೆಯಾಗುತ್ತದೆ.

ಎಷ್ಟು ಸೋರುತ್ತಿದೆ ಅನ್ನುವುದನ್ನೂ ಅಳೆಯಬಹುದು, ಬಹಳ ಜನ ಇಲ್ಲಿಗೆ ಬರುವುದೇ ಇಲ್ಲ. ಕಮೋಡಿನ ಪಕ್ಕದ ಆಂಗಲ್ ವಾಲ್ವ್ ಮುಚ್ಚಿ, ಫ್ಲಶ್ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದೆವು. ಅರ್ಧ ಗಂಟೆಯಲ್ಲಿ ಮಟ್ಟ 3 ಸೆಂಟಿಮೀಟರ್ ಇಳಿಯಿತು. ಟ್ಯಾಂಕಿನ ಒಳಗಿನ ಉದ್ದ 40, ಅಗಲ 15 ಸೆಂಟಿಮೀಟರ್. 40 × 15 × 3 ಅಂದರೆ 1,800 ಮಿಲಿಲೀಟರ್. ಗಂಟೆಗೆ 3.6 ಲೀಟರ್, ದಿನಕ್ಕೆ 86 ಲೀಟರ್. ನಿಮಿಷಕ್ಕೆ ಬರೀ 60 ಮಿಲಿಲೀಟರ್ ಅದು, ಕಮೋಡಿನ ಬಿಳಿ ಗೋಡೆಯ ಮೇಲೆ ಹರಡಿ ಜಾರಿದರೆ ಕಣ್ಣಿಗೆ ಬೀಳುವುದೇ ಇಲ್ಲ.

ಸೋರಿಕೆ ಎರಡು ಕಡೆಯಿಂದ ಆಗಬಹುದು. ಯಾವುದು ಅಂತ ಆ ಪೆನ್ಸಿಲ್ ಗೆರೆಯೇ ಹೇಳುತ್ತದೆ. ನೀರಿನ ಮಟ್ಟ ಓವರ್‌ಫ್ಲೋ ಪೈಪಿನ ಬಾಯಿಯ ತನಕ ಬಂದು ಅಲ್ಲಿಗೇ ನಿಂತರೆ ತಳದ ವಾಷರ್ ಸರಿಯಾಗಿದೆ, ನೀರು ತುಂಬಿಸುವ ವಾಲ್ವ್ ನಿಲ್ಲಬೇಕಾದ ಹೊತ್ತಿಗೆ ನಿಲ್ಲುತ್ತಿಲ್ಲ ಅಂತ ಅರ್ಥ. ಆಗ ಫ್ಲೋಟನ್ನು ಸ್ವಲ್ಪ ಕೆಳಗಿಳಿಸಿದರೆ ಆಯಿತು. ಮಟ್ಟ ಆ ಬಾಯಿಗಿಂತ ಕೆಳಗೂ ಇಳಿಯುತ್ತಾ ಹೋದರೆ ತಪ್ಪು ತಳದ ವಾಷರಿನದು. ಇಲ್ಲಿ ಎರಡನೆಯದು.

ಬಿಚ್ಚಿ ನೋಡಿದರೆ ಎರಡು ಕಾರಣ ಒಟ್ಟಿಗೆ ಇದ್ದವು. ಮೇಲಿನ ಕಮೋಡಿಗೆ ಹೊಸ ಟ್ಯಾಂಕ್ ಹಾಕಿರಲಿಲ್ಲ, ಹಳೆಯ ಟ್ಯಾಂಕಿನೊಳಗೆ ಡ್ಯುಯಲ್ ಫ್ಲಶ್ ವಾಲ್ವ್ ಮಾತ್ರ ಕೂರಿಸಿದ್ದರು. ಗುಂಡಿಯಿಂದ ವಾಲ್ವಿಗೆ ಹೋಗುವ ಕಡ್ಡಿ ಒಂದಿಷ್ಟು ಉದ್ದವಾಗಿ ಉಳಿದಿತ್ತು. ಮುಚ್ಚಳ ಹಾಕಿದಾಗ ಗುಂಡಿ ಯಾವಾಗಲೂ ಒಂದು ಕೂದಲೆಳೆಯಷ್ಟು ಒತ್ತಿದ ಹಾಗೇ ಇರುತ್ತಿತ್ತು. ಮುಚ್ಚಳ ತೆಗೆದರೆ ಸೋರಿಕೆ ಬಹುಪಾಲು ನಿಲ್ಲುತ್ತಿತ್ತು. ಕೂರಿಸಿದವರು ಮುಚ್ಚಳ ತೆಗೆದು ಪರೀಕ್ಷಿಸಿ ಸರಿಯಿದೆ ಅಂತ ಹೋಗಿರಬೇಕು. ಇದರ ಜೊತೆಗೆ ವಾಷರಿನ ಅಂಚಿನಲ್ಲಿ ಪೈಪ್ ಬಿಚ್ಚಿದಾಗ ಬಂದ ಮರಳು ಕೂತಿತ್ತು. ಕಡ್ಡಿಯನ್ನು ಗಿಡ್ಡ ಮಾಡಿದೆವು, ವಾಷರನ್ನೂ ಅದು ಕೂರುವ ಅಂಚನ್ನೂ ಬಟ್ಟೆಯಲ್ಲಿ ಒರೆಸಿದೆವು, ಮುಚ್ಚಳ ಹಾಕಿಯೇ ಮತ್ತೆ ಬಣ್ಣ ಬಿಟ್ಟು ನೋಡಿದೆವು. ನಿಂತಿತ್ತು.

ಮುಂದಿನ ವಾರಗಳಲ್ಲಿ ಮೀಟರ್ ದಿನಕ್ಕೆ 485ರ ಆಸುಪಾಸಿನಲ್ಲಿ ನಿಂತಿತು. ಅಂದರೆ ಮುಂಚೆಗಿಂತ 115 ಲೀಟರ್ ಕಡಿಮೆ, ಹತ್ತಿರ ಹತ್ತಿರ ಶೇ. 19. ಇದು ನಿಜವಾದ ಉಳಿತಾಯ. ಹಾಗಾದರೆ ಡಬ್ಬ ಹೇಳಿದ 260ರಲ್ಲಿ ಉಳಿದ 140ಕ್ಕೂ ಹೆಚ್ಚು ಲೀಟರ್ ಎಲ್ಲಿ?

## ಫ್ಲಶ್: ಉಳಿತಾಯ 96ರ ಬದಲು 65 ಲೀಟರ್

ಡ್ಯುಯಲ್ ಫ್ಲಶ್ಶಿನಲ್ಲಿ ದೊಡ್ಡ ಗುಂಡಿಗೆ 6 ಲೀಟರ್, ಚಿಕ್ಕದಕ್ಕೆ 3. ಡಬ್ಬದ ಲೆಕ್ಕ ಬಹುತೇಕ ಹೀಗಿರುತ್ತದೆ: ಒಬ್ಬರು ದಿನಕ್ಕೆ ಒಂದು ಸಲ ದೊಡ್ಡದು, ಮಿಕ್ಕ ಸಲವೆಲ್ಲ ಚಿಕ್ಕದು ಒತ್ತುತ್ತಾರೆ. ಹಾಗೆ ನಡೆದರೆ ಸರಾಸರಿ 4 ಲೀಟರಿಗೂ ಕಡಿಮೆ ಬರುತ್ತದೆ.

ಜನ ಹಾಗೆ ಒತ್ತುವುದಿಲ್ಲ. ಎರಡು ಗುಂಡಿಯಲ್ಲಿ ಯಾವುದು ಯಾವುದು ಅಂತಲೇ ಮನೆಯ ಒಬ್ಬರಿಗೆ ಗೊತ್ತಿರಲಿಲ್ಲ, ಇನ್ನೊಬ್ಬರು ಎರಡನ್ನೂ ಒಟ್ಟಿಗೆ ಒತ್ತುತ್ತಿದ್ದರು. ಕಾಗದ ಹಾಕಿದ್ದರೆ ಚಿಕ್ಕ ಗುಂಡಿಗೆ ಅದು ಒಂದೊಂದು ಸಲ ಹೋಗುವುದಿಲ್ಲ, ಮತ್ತೆ ಒತ್ತುತ್ತಾರೆ. ಕೆಲವು ದಿನ ಒಂದು ಚೀಟಿ ಅಂಟಿಸಿ ಗೆರೆ ಹಾಕಲು ಹೇಳಿದೆ. ದೊಡ್ಡ ಗುಂಡಿಯ ಪಾಲು ಹತ್ತರಲ್ಲಿ ನಾಲ್ಕರಿಂದ ಐದು ಬಂತು. ಮನೆಯವರ ಉದಾಸೀನ ಅಂತ ನಾನು ಹೇಳುವುದಿಲ್ಲ, ನಾನು ನೋಡಿದ ಬಹಳ ಮನೆಗಳಲ್ಲಿ ಇದೇ ಆಗುತ್ತದೆ, ಲೆಕ್ಕ ಹಾಕುವವರು ಇದನ್ನೇ ಹಿಡಿದು ಹಾಕಬೇಕು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಕೆಳಗಿನ ಬಾತ್‌ರೂಮಿನಲ್ಲಿ ಕಮೋಡ್, ಟ್ಯಾಂಕ್ ಎರಡೂ ಹೊಸದು, ಒಂದಕ್ಕೊಂದು ಹೊಂದುವಂತೆ ಮಾಡಿದ್ದು. ಅಲ್ಲಿ 6 ಲೀಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ದಿನಕ್ಕೆ ಹತ್ತು ಫ್ಲಶ್, ಮರು ಒತ್ತುವುದೂ ಸೇರಿ 45 ಲೀಟರ್. ಮೇಲಿನ ಕಮೋಡ್ ಹಳೆಯದು. ಅದರ ಒಳಗಿನ ತಿರುವು 9 ಲೀಟರಿನ ರಭಸಕ್ಕೆ ಅಂತ ಮಾಡಿದ್ದು. 6 ಲೀಟರಿಗೆ ಅಲ್ಲಿ ಕೊಳೆ ಒಂದೇ ಸಲಕ್ಕೆ ಹೋಗುತ್ತಿರಲಿಲ್ಲ, ಎರಡು ಸಲ ಒತ್ತಿದರೆ 12 ಲೀಟರ್, ಹಳೆಯದಕ್ಕಿಂತ ಜಾಸ್ತಿಯೇ ಆಯಿತು ಅಲ್ವಾ? ಹಾಗಾಗಿ ವಾಲ್ವಿನ ಅಳತೆಯನ್ನು ದೊಡ್ಡದಕ್ಕೆ 7.5, ಚಿಕ್ಕದಕ್ಕೆ 4 ಲೀಟರಿಗೆ ಏರಿಸಿದೆವು. ಸಂಖ್ಯೆ ನೋಡಿದರೆ ಹಿಂದೆ ಹೋದಂತೆ ಕಾಣುತ್ತದೆ. ಆದರೆ ಎರಡೆರಡು ಸಲ ಒತ್ತುವುದು ಬಹುಪಾಲು ನಿಂತದ್ದರಿಂದ ಒಟ್ಟು ಖರ್ಚು ಇಳಿಯಿತು. ಅಲ್ಲಿ ಎಂಟು ಫ್ಲಶ್ಶಿಗೆ ಸುಮಾರು 52 ಲೀಟರ್.

ಟ್ಯಾಂಕಿನ ನೀರು ಕಡಿಮೆ ಮಾಡಿದರೆ ಕಮೋಡಿನ ಆಕಾರವೂ ಬದಲಾಗಬೇಕು ಅನ್ನುವುದು ಹೊಸ ವಿಷಯವಲ್ಲ. 1980ರಲ್ಲಿ ಆಸ್ಟ್ರೇಲಿಯಾದ ಕರೋಮಾ ಕಂಪನಿಯಲ್ಲಿ ಬ್ರೂಸ್ ಥಾಂಪ್ಸನ್ ಎರಡು ಗುಂಡಿಯ ಟ್ಯಾಂಕ್ ಮಾಡಿದಾಗ ಅದು 11 ಮತ್ತು 5.5 ಲೀಟರಿನದು, ಅದಕ್ಕೇ ಕಮೋಡಿನ ಬಟ್ಟಲನ್ನೂ ತಿದ್ದಬೇಕಾಯಿತು. ಅಮೆರಿಕದಲ್ಲಿ 1992ರ ಕಾನೂನಿನಂತೆ 1994ರಿಂದ ಮನೆಯ ಹೊಸ ಕಮೋಡುಗಳು ಸುಮಾರು 6 ಲೀಟರ್ ಮೀರುವಂತಿರಲಿಲ್ಲ. ಆಗ ಕೆಲವು ತಯಾರಕರು ಬಟ್ಟಲಿನ ಆಕಾರವನ್ನು ಸರಿಯಾಗಿ ಬದಲಾಯಿಸದೆ ನೀರನ್ನಷ್ಟೇ ಕಡಿಮೆ ಮಾಡಿದರು. ಕಟ್ಟಿಕೊಳ್ಳುವುದು, ಮತ್ತೆ ಮತ್ತೆ ಫ್ಲಶ್ ಮಾಡುವುದು ಅಂತ ಜನ ಬೇಸತ್ತಿದ್ದರು. ಹಳೆಯ ಕಮೋಡಿಗೆ ಹೊಸ ವಾಲ್ವ್ ಹಾಕುವಾಗ ನಾವು ಚಿಕ್ಕ ಪ್ರಮಾಣದಲ್ಲಿ ಮಾಡುವುದು ಅದನ್ನೇ.

ಒಟ್ಟು ಫ್ಲಶ್ 162ರಿಂದ 97ಕ್ಕೆ ಬಂತು. 65 ಲೀಟರ್ ಉಳಿಯಿತು, ಶೇ. 40. ಡಬ್ಬದ ಮಾತಿಗಿಂತ ಕಡಿಮೆ, ಆದರೂ ಈ ಮನೆಯಲ್ಲಿ ಉಳಿದ ನೀರಿನ ಅರ್ಧಕ್ಕಿಂತ ಹೆಚ್ಚು ಇದೊಂದರಿಂದಲೇ ಬಂದದ್ದು.

## ಶವರ್: 110ರ ಬದಲು 35

ಅತಿ ಹೆಚ್ಚು ವ್ಯತ್ಯಾಸ ಬಂದದ್ದು ಇಲ್ಲಿ.

ಮೊದಲು, ಶೇ. 50 ಅಂದರೆ ಯಾವುದರ ಶೇ. 50? ಡಬ್ಬದ ಹಿಂದೆ ಚಿಕ್ಕ ಅಕ್ಷರದಲ್ಲಿತ್ತು: ನಿಮಿಷಕ್ಕೆ 18 ಲೀಟರ್ ಬಿಡುವ ಶವರಿಗೆ ಹೋಲಿಸಿದರೆ, 3 ಬಾರ್ ಒತ್ತಡದಲ್ಲಿ, ಇದು 9 ಲೀಟರ್ ಬಿಡುತ್ತದೆ. ಈ ಮನೆಯಲ್ಲಿ 18 ಲೀಟರಿನ ಶವರ್ ಇರಲೇ ಇಲ್ಲ. ಕೆಳಗೆ 10, ಮೇಲೆ 5. ಇಲ್ಲದ ಖರ್ಚನ್ನು ಉಳಿಸಲು ಆಗುವುದಿಲ್ಲ. ಹಾಗಾಗಿ ಶವರ್ ಕೊಳ್ಳುವ ಮುಂಚೆ ಈಗಿನದರ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಹಿಡಿಯಿರಿ. ನಿಮಿಷಕ್ಕೆ 7 ಲೀಟರಿಗಿಂತ ಕಡಿಮೆ ಬಂದರೆ ಹೊಸ ಶವರ್ ಹೆಡ್ಡಿನಿಂದ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ ಅಂತಲೇ ತಿಳಿಯಿರಿ.

ಎರಡನೆಯದು ಒತ್ತಡ. ಕೆಳಗಿನ ಬಾತ್‌ರೂಮಿಗೆ ಬರುವ ನೀರಿನ ಒತ್ತಡ 2 ಬಾರ್. ಹೊಸ ಶವರ್ ಅಲ್ಲಿ ನಿಮಿಷಕ್ಕೆ 7 ಲೀಟರ್ ಕೊಟ್ಟಿತು, ಸ್ನಾನಕ್ಕೆ ಸಾಕಾಗುವಷ್ಟು. ಮೇಲಿನ ಬಾತ್‌ರೂಮಿನಲ್ಲಿ ಶವರಿಗೂ ಟ್ಯಾಂಕಿನ ನೀರಿನ ಮಟ್ಟಕ್ಕೂ ನಡುವೆ 3 ಮೀಟರ್ ಎತ್ತರ. ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ, ಅಂದರೆ ಇಲ್ಲಿ 0.3 ಬಾರ್ ಅಷ್ಟೇ. ಪರೀಕ್ಷೆಯ ಒತ್ತಡದ ಹತ್ತನೇ ಒಂದು ಭಾಗ. ಒತ್ತಡ ಹತ್ತನೇ ಒಂದಕ್ಕೆ ಇಳಿದರೆ ಹರಿವು ಹತ್ತನೇ ಒಂದಕ್ಕೆ ಇಳಿಯುವುದಿಲ್ಲ, ವರ್ಗಮೂಲದ ಲೆಕ್ಕದಲ್ಲಿ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. 9 ಲೀಟರಿನ ಶವರ್ ಅಲ್ಲಿ 3 ಲೀಟರಿಗೂ ಕಡಿಮೆ ಕೊಡುತ್ತದೆ. ಬಕೆಟ್ ಇಟ್ಟು ಅಳೆದಾಗ ಬಂದದ್ದೂ ಅಷ್ಟೇ. ತಲೆಯ ಸೋಪು ಹೋಗುವುದಕ್ಕೇ ಹೊತ್ತು ಹಿಡಿಯುತ್ತಿತ್ತಂತೆ. ಮನೆಯ ಮಗ ಕೆಲವೇ ದಿನದಲ್ಲಿ ಅದನ್ನು ಬಿಚ್ಚಿ ಹಳೆಯದನ್ನು ಹಾಕಿಕೊಂಡಿದ್ದ, ಯಾರಿಗೂ ಹೇಳಿರಲಿಲ್ಲ. ನಾನು ಅವನ ಕಡೆಗೇ ನಿಲ್ಲುತ್ತೇನೆ. ಮೇಲಿನ ಶವರ್ ಮುಂಚೆಯೇ 5 ಲೀಟರಿನಲ್ಲಿ ಸಾಗುತ್ತಿತ್ತು, ಟ್ಯಾಂಕಿನ ಕಡಿಮೆ ಎತ್ತರವೇ ಅಲ್ಲಿ ನೀರು ಉಳಿಸುತ್ತಿತ್ತು.

ಮೂರನೆಯದು ಸಮಯ. ಕೆಳಗಿನ ಬಾತ್‌ರೂಮಿನಲ್ಲಿ ಒಬ್ಬರ ಸ್ನಾನ 7 ನಿಮಿಷದಿಂದ 8ಕ್ಕೆ ಹೋಯಿತು, ಇನ್ನೊಬ್ಬರದು ಬದಲಾಗಲಿಲ್ಲ. 140 ಇದ್ದದ್ದು 105 ಆಯಿತು. ಉಳಿದದ್ದು 35 ಲೀಟರ್, ಎರಡೂ ಬಾತ್‌ರೂಮ್ ಸೇರಿ ಅಷ್ಟೇ.

ಆದರೆ ಈ 35 ಲೀಟರನ್ನು ಫ್ಲಶ್ಶಿನ 35 ಲೀಟರಿಗೆ ಸಮ ಅಂತ ನೋಡಬಾರದು. ಇದು ಬಿಸಿನೀರು. 20 ಡಿಗ್ರಿಯ ನೀರನ್ನು 40 ಡಿಗ್ರಿಗೆ ತರಲು 35 ಲೀಟರಿಗೆ ಸುಮಾರು 0.8 ಯೂನಿಟ್ ವಿದ್ಯುತ್ ಬೇಕು. ಅದು ಪ್ರತಿ ದಿನ ಉಳಿಯುತ್ತದೆ. ನೀರಿನ ಲೆಕ್ಕದಲ್ಲಿ ಶವರ್ ಫ್ಲಶ್ಶಿಗಿಂತ ಹಿಂದೆ ಬಿದ್ದರೂ ವಿದ್ಯುತ್ ಸೇರಿಸಿದರೆ ಈ ಮನೆಯಲ್ಲಿ ಮುಂದಿದೆ ಅಂತ ನನಗನ್ನಿಸುತ್ತದೆ.

ಇಲ್ಲೇ ಇನ್ನೊಂದು ಮಾತು. ಹರಿವು ಶುರುವಾದಾಗ ತಾನಾಗಿ ಹೊತ್ತಿಕೊಳ್ಳುವ ಗ್ಯಾಸ್ ಗೀಸರ್ ಇರುವ ಕಡೆ ಶವರಿನ ಹರಿವು ತುಂಬ ಕಡಿಮೆಯಾದರೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ, ಅಥವಾ ನಡುವೆ ಆರಿಹೋಗುತ್ತದೆ. ಅದಕ್ಕೆ ಕನಿಷ್ಠ ಎಷ್ಟು ಹರಿವು ಬೇಕು ಅಂತ ಅದರ ಮೇಲೆಯೇ ಬರೆದಿರುತ್ತದೆ, ಶವರ್ ಕೊಳ್ಳುವ ಮುಂಚೆ ನೋಡಿಕೊಳ್ಳಿ. ಈ ಮನೆಯಲ್ಲಿ ಟ್ಯಾಂಕಿನ ಗೀಸರ್ ಇದ್ದದ್ದರಿಂದ ಆ ತೊಂದರೆ ಬರಲಿಲ್ಲ.

## ಏರೇಟರ್: 55ರ ಬದಲು 20

ಏರೇಟರ್ ಅಂದರೆ ನಲ್ಲಿಯ ತುದಿಗೆ ತಿರುಗಿಸಿ ಹಾಕುವ ಚಿಕ್ಕ ಜಾಲರಿ. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ಮೃದುವಾಗಿ, ತುಂಬಿಕೊಂಡಂತೆ ಮಾಡುತ್ತದೆ, ಹರಿವನ್ನು ಕಡಿಮೆ ಮಾಡುತ್ತದೆ. ಅಡುಗೆಮನೆಯ ನಲ್ಲಿ ಪೂರ್ತಿ ತೆರೆದರೆ ನಿಮಿಷಕ್ಕೆ 12 ಲೀಟರ್ ಬರುತ್ತಿದ್ದದ್ದು ಈಗ 6. ಹಾಗಾದರೆ ಅರ್ಧ ಉಳಿಯಬೇಕಲ್ಲ?

ಅದು ನಲ್ಲಿ ಬಿಟ್ಟುಕೊಂಡು ತೊಳೆಯುವಾಗ ಮಾತ್ರ. ಪಾತ್ರೆಗೆ ನೀರು ಹಿಡಿಯುವಾಗ 5 ಲೀಟರಿನ ಪಾತ್ರೆಗೆ 5 ಲೀಟರೇ ಬೇಕು, ಬೇಗ ತುಂಬಲಿ, ತಡವಾಗಿ ತುಂಬಲಿ. ಏರೇಟರ್ ಅಲ್ಲಿ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ, ಅಷ್ಟೇ. ಬಕೆಟ್ ತುಂಬಿಸಿಕೊಂಡು ಸ್ನಾನ ಮಾಡುವವರಿಗೂ ಇದೇ ಮಾತು, ಯಾವ ಏರೇಟರೂ ಅಲ್ಲಿ ಒಂದು ಚೊಂಬು ಉಳಿಸುವುದಿಲ್ಲ. ಸಿಂಕಿನ 75 ಲೀಟರಿನಲ್ಲಿ ಸುಮಾರು 35 ಹೀಗೆ ಪಾತ್ರೆ ತುಂಬಿಸುವುದಕ್ಕೇ ಹೋಗುತ್ತಿತ್ತು. ಉಳಿದ 40ರಲ್ಲೂ ಅರ್ಧ ಉಳಿಯಲಿಲ್ಲ. ಮುಂಚೆ ನಲ್ಲಿಯನ್ನು ಪೂರ್ತಿ ತೆರೆಯುತ್ತಿರಲಿಲ್ಲ, ಎರಚುತ್ತದೆ ಅಂತ 10 ಲೀಟರಿನಷ್ಟಕ್ಕೇ ನಿಲ್ಲಿಸುತ್ತಿದ್ದರು. ಈಗ ಎರಚುವುದಿಲ್ಲ, ಪೂರ್ತಿ ತೆರೆಯುತ್ತಾರೆ, ಒಂದಿಷ್ಟು ಹೊತ್ತು ಜಾಸ್ತಿ ಬಿಡುತ್ತಾರೆ. ಸಿಂಕಿನಲ್ಲಿ ಉಳಿದದ್ದು 12 ಲೀಟರ್.

ಕೆಳಗಿನ ವಾಶ್ ಬೇಸಿನ್ನಿನಲ್ಲಿ 8 ಲೀಟರ್ ಉಳಿಯಿತು. ಕೈ ತೊಳೆಯುವ ಜಾಗದಲ್ಲಿ ಏರೇಟರ್ ಚೆನ್ನಾಗಿ ಒಪ್ಪುತ್ತದೆ, ಅಲ್ಲಿ ತುಂಬಿಸುವುದು ಏನೂ ಇರುವುದಿಲ್ಲ. ಮೇಲಿನ ಬೇಸಿನ್ನಿಗೆ ಹಾಕಿದ್ದು 0.3 ಬಾರಿನಲ್ಲಿ ಗಾಳಿಯನ್ನೇ ಎಳೆಯಲಿಲ್ಲ, ನೀರು ನೂಲಿನ ಹಾಗೆ ಇಳಿಯುತ್ತಿತ್ತು. ಅದನ್ನು ನಾನೇ ತೆಗೆಸಿದೆ.

## ಆರು ತಿಂಗಳಾದ ಮೇಲೆ

ಹಾಕಿದ ತಿಂಗಳಲ್ಲಿ ಉಳಿದದ್ದು ಹಾಗೇ ಉಳಿಯುತ್ತದೆ ಅಂತ ಹೇಳಲಾಗದು, ಆದ್ದರಿಂದ ಆರು ತಿಂಗಳ ನಂತರ ಮತ್ತೆ ಹೋಗಿದ್ದೆ. ಮೀಟರ್ 485ರಿಂದ 495ಕ್ಕೆ ಏರಿತ್ತು. ಫ್ಲಶ್ ಟ್ಯಾಂಕುಗಳಿಗೆ ಬಣ್ಣ ಬಿಟ್ಟು ನೋಡಿದೆವು, ಸೋರಿಕೆ ಇರಲಿಲ್ಲ. ಶವರ್ ಇನ್ನೂ 7 ಲೀಟರೇ. ಅಡುಗೆಮನೆಯ ನಲ್ಲಿ ಮಾತ್ರ 12 ಲೀಟರ್ ಬಿಡುತ್ತಿತ್ತು. ಹೊರಗಿನ ಲೋಹದ ಸುತ್ತು ಇದ್ದ ಹಾಗೇ ಇತ್ತು, ಒಳಗೆ ಜಾಲರಿ ಇರಲಿಲ್ಲ. ಗಡಸು ನೀರಿನ ಸುಣ್ಣ ಕಟ್ಟಿಕೊಂಡು ಧಾರೆ ಅಡ್ಡಾದಿಡ್ಡಿ ಹೋಗುತ್ತಿತ್ತು, ಅದಕ್ಕೇ ತೆಗೆದಿಟ್ಟಿದ್ದೇವೆ ಅಂದರು. ಜಾಲರಿಯನ್ನು ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಸುಣ್ಣ ಬಿಡುತ್ತದೆ. ಹಾಗೆ ಮಾಡಿ ವಾಪಸ್ ಹಾಕಿದರು. ಗಡಸು ನೀರಿರುವ ಕಡೆ ಎರಡು ಮೂರು ತಿಂಗಳಿಗೊಮ್ಮೆ ಇದು ಬೇಕಾಗುತ್ತದೆ. ಇಲ್ಲದಿದ್ದರೆ ಏರೇಟರಿನ ಉಳಿತಾಯವನ್ನು ಲೆಕ್ಕದಲ್ಲಿ ಸೊನ್ನೆ ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಮನೆಯಾಕೆಯ ಕೊನೆಯ ಪ್ರಶ್ನೆ ಮೇಲಿನ ಹಳೆಯ ಕಮೋಡಿನ ಬಗ್ಗೆ ಇತ್ತು. "ಅದನ್ನೂ ಕೆಳಗಿನ ಥರ ಪೂರ್ತಿ ಬದಲಾಯಿಸಿಬಿಡೋಣ್ವಾ?" ಅಂದರು. ಅಲ್ಲಿ ಈಗ ದಿನಕ್ಕೆ 52 ಲೀಟರ್ ಖರ್ಚಾಗುತ್ತಿದೆ, ಹೊಸ ಕಮೋಡ್ ಹಾಕಿದರೆ ಅದೇ ಎಂಟು ಫ್ಲಶ್ಶಿಗೆ 36ರಿಂದ 40 ಆಗಬಹುದು. ದಿನಕ್ಕೆ 12ರಿಂದ 16 ಲೀಟರಿಗೋಸ್ಕರ ನೆಲ ಒಡೆಯುವುದು ಬೇಡ ಅಂತ ಹೇಳಿದೆ. ಆ ಬಾತ್‌ರೂಮಿನ ಟೈಲ್ಸ್ ಹೇಗೂ ಒಂದು ದಿನ ಕಿತ್ತು ಹಾಕಿಸಬೇಕು ಅಂತಿದ್ದಾರೆ, ಕಮೋಡನ್ನೂ ಆಗಲೇ ಬದಲಾಯಿಸುವುದು ಅಂತಾಯಿತು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮೇಲಿನ ಫ್ಲಶ್ ಟ್ಯಾಂಕಿಗೆ ಬಣ್ಣ ಬಿಟ್ಟು ನೋಡುವ ಕೆಲಸ ಮಗನದು.